ಛೇದ ಸರಿದರೆ ಅಂಶವೂ ಸರಿಯಬೇಕು: ಸಮ್ಮಿಶ್ರ ಮೂಲಗಳಿರುವ ಭಿನ್ನರಾಶಿಗಳ ಲಾಪ್ಲಾಸ್ ವಿಲೋಮ

10 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರನ್ನು 12 ವೋಲ್ಟ್‌ವರೆಗೆ ಚಾರ್ಜ್ ಮಾಡಿ, 0.1 ಹೆನ್ರಿಯ ಕಾಯಿಲ್ ಮತ್ತು 120 ಓಮ್‌ನ ರೆಸಿಸ್ಟರ್ ಮೂಲಕ ಖಾಲಿಯಾಗಲು ಬಿಡೋಣ. ಸ್ವಿಚ್ ಹಾಕಿದ ಮೇಲೆ ಕೆಪಾಸಿಟರಿನ ವೋಲ್ಟೇಜ್ ಹೇಗೆ ಇಳಿಯುತ್ತದೆ? ಕಿರ್ಚಾಫ್ ನಿಯಮದಂತೆ ಬರೆದು, LC ಗುಣಲಬ್ಧದಿಂದ ಭಾಗಿಸಿದರೆ ಸಿಗುವ ಅವಕಲ ಸಮೀಕರಣ ಇದು:

V″ + 1200 V′ + 1000000 V = 0

ಆರಂಭದಲ್ಲಿ V = 12. ಕಾಯಿಲ್‌ನಲ್ಲಿ ಕರೆಂಟ್ ದಿಢೀರನೆ ಹುಟ್ಟಲಾರದು, ಆದ್ದರಿಂದ V′ = 0. ಎರಡೂ ಬದಿಗೆ ಲಾಪ್ಲಾಸ್ ಪರಿವರ್ತನೆ ಹಾಕಿದರೆ ಅವಕಲನಗಳು ಮಾಯವಾಗಿ ಬರೀ ಬೀಜಗಣಿತ ಉಳಿಯುತ್ತದೆ:

V(s) = (12s + 14400) / (s² + 1200s + 1000000)

ಇಲ್ಲಿಯವರೆಗಿನ ಕೆಲಸವನ್ನು ಎರಡನೇ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ ಕಣ್ಣು ಮುಚ್ಚಿಕೊಂಡು ಮಾಡುತ್ತಾನೆ. ತೊಡಕು ಶುರುವಾಗುವುದು ಇಲ್ಲಿಂದ ವಾಪಸು ಬರುವಾಗ. ಪಠ್ಯಪುಸ್ತಕದ ಹಿಂಬದಿಯ ಪಟ್ಟಿಯಲ್ಲಿ ಈ ಭಿನ್ನರಾಶಿ ಇಲ್ಲ. ಛೇದವನ್ನು ಅಪವರ್ತಿಸಿ ಎರಡು ಸರಳ ತುಂಡು ಮಾಡೋಣವೆಂದರೆ ಅದರ ಮೂಲಗಳು ವಾಸ್ತವ ಸಂಖ್ಯೆಗಳೂ ಅಲ್ಲ. −600 + 800i ಮತ್ತು −600 − 800i ಎಂಬ ಸಂಯುಗ್ಮ ಜೋಡಿ. ಪಟ್ಟಿಯಲ್ಲಿ ಇರುವುದು ಇಷ್ಟೇ: cos ωt ಗೆ s/(s² + ω²), sin ωt ಗೆ ω/(s² + ω²). ನಮ್ಮ ಛೇದಕ್ಕೂ ಇವುಗಳ ಛೇದಕ್ಕೂ ಇರುವ ವ್ಯತ್ಯಾಸ ನಡುವಿನ 1200s ಎಂಬ ಪದ. ಅದನ್ನು ನಿವಾರಿಸಲು ಯಾವ ಯಾವ ದಾರಿಗಳಿವೆ, ಯಾವುದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇದೇ ಸರ್ಕ್ಯೂಟ್ ಇಟ್ಟುಕೊಂಡು ನೋಡಬಹುದು.

ಈ ಪ್ರಶ್ನೆ ಲಾಪ್ಲಾಸ್ ಪಟ್ಟಿಗಳಿಗಿಂತ ಹಳೆಯದು. ಲೇಡನ್ ಜಾರ್ ಖಾಲಿಯಾಗುವಾಗ ವಿದ್ಯುತ್ ಹಿಂದೆ ಮುಂದೆ ತುಯ್ದಾಡುತ್ತದೆ ಎಂದು ಅಮೆರಿಕದ ಜೋಸೆಫ್ ಹೆನ್ರಿ 1842ರಲ್ಲಿ ಹೇಳಿದ್ದರು. ಅದಕ್ಕೆ ಗಣಿತ ಒದಗಿಸಿದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು. 1853ರ ತಮ್ಮ ಲೇಖನದಲ್ಲಿ ಅವರು ಬಿಡಿಸಿದ್ದು ಮೇಲಿನ ಸಮೀಕರಣವನ್ನೇ. ರೋಧ ಒಂದು ಮಿತಿಗಿಂತ ಕಡಿಮೆಯಿದ್ದರೆ ತುಯ್ದಾಟ, ಹೆಚ್ಚಿದ್ದರೆ ಬರೀ ಇಳಿಕೆ ಎಂದು ಬೇರ್ಪಡಿಸಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಫೆಡರ್‌ಸೆನ್ ತಿರುಗುವ ಕನ್ನಡಿಯ ನೆರವಿನಿಂದ ಕಿಡಿಯ ಫೋಟೊ ತೆಗೆದು ಆ ತುಯ್ದಾಟವನ್ನು ಕಣ್ಣಿಗೇ ಕಾಣಿಸಿದರು. ಥಾಮ್ಸನ್ ಹತ್ತಿರ ನಾವು ಬಳಸುವ ಪಟ್ಟಿ ಇರಲಿಲ್ಲ. ಆಲಿವರ್ ಹೆವಿಸೈಡ್ ತಮ್ಮ ಆಪರೇಟರ್ ಲೆಕ್ಕಗಳಲ್ಲಿ ಇಂಥ ಸಮೀಕರಣಗಳನ್ನು ಚಕಚಕನೆ ಬಿಡಿಸುವ ಉಪಾಯ ತೋರಿದ್ದು, ಅದಕ್ಕೆ ಗಟ್ಟಿ ತಳಹದಿ ಹಾಕಿದ ಗುಸ್ತಾವ್ ಡೊಯೆಟ್ಶ್ ಅವರ ಗ್ರಂಥ 1937ರಲ್ಲಿ ಬಂದದ್ದು, ಎಲ್ಲ ಆಮೇಲಿನ ಕತೆ.

ಮೊದಲು ಉಪಕರಣವನ್ನು ನೋಡೋಣ. f(t) ಎಂಬ ಫಲನದ ಪರಿವರ್ತನೆ F(s) ಎಂದರೆ e^(−st) f(t) ಯನ್ನು ಸೊನ್ನೆಯಿಂದ ಅನಂತದವರೆಗೆ ಅನುಕಲಿಸಿದ್ದು. ಈಗ f(t) ಯನ್ನು e^(at) ಯಿಂದ ಗುಣಿಸಿ ಪರಿವರ್ತಿಸಿದರೆ ಅನುಕಲದೊಳಗೆ e^(−st) ಮತ್ತು e^(at) ಸೇರಿ e^(−(s−a)t) ಆಗುತ್ತದೆ. ಅಂದರೆ ಉತ್ತರ F(s − a). ಸಾಧನೆ ಇಷ್ಟೇ, ಒಂದೇ ಸಾಲು. ಕಾಲದ ಬದಿಯಲ್ಲಿ ಘಾತೀಯದಿಂದ ಗುಣಿಸಿದರೆ, ಆವರ್ತನದ ಬದಿಯಲ್ಲಿ ಇಡೀ ಚಿತ್ರ a ಯಷ್ಟು ಸರಿಯುತ್ತದೆ. ಇದಕ್ಕೆ ಆವರ್ತನ ಪಲ್ಲಟ ಎಂದೂ ಮೊದಲ ಪಲ್ಲಟ ಪ್ರಮೇಯ ಎಂದೂ ಹೆಸರು. ನಮಗೆ ಬೇಕಾದ್ದು ಇದನ್ನು ಹಿಂದುಮುಂದಾಗಿ ಓದಿದ್ದು: ಒಂದು ಭಿನ್ನರಾಶಿಯಲ್ಲಿ s ಬಂದ ಕಡೆಯಲ್ಲೆಲ್ಲ s + 600 ಎಂಬ ಗುಂಪಾಗಿಯೇ ಬಂದಿದ್ದರೆ, ಆ ಗುಂಪನ್ನು ಬರೀ s ಎಂದು ಓದಿ, ಪಟ್ಟಿಯಿಂದ ವಿಲೋಮ ತೆಗೆದು, ಕೊನೆಗೆ e^(−600t) ಯಿಂದ ಗುಣಿಸಿದರೆ ಆಯಿತು.

‘ಬಂದ ಕಡೆಯಲ್ಲೆಲ್ಲ’ ಎಂಬ ಮಾತಿನಲ್ಲೇ ಎಲ್ಲ ಕಷ್ಟ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಛೇದದಲ್ಲಿ ಈ ಗುಂಪನ್ನು ಮಾಡಿಕೊಡುವುದು ಹತ್ತನೇ ತರಗತಿಯಲ್ಲಿ ಕಲಿತ ವರ್ಗ ಪೂರ್ಣಗೊಳಿಸುವ ವಿಧಾನ. s ನ ಸಹಗುಣಕದ ಅರ್ಧ 600. ಅದರ ವರ್ಗ 360000. ಅದನ್ನು ಕೂಡಿಸಿ ಕಳೆದರೆ

s² + 1200s + 1000000 = (s + 600)² + 640000 = (s + 600)² + 800²

ಇಲ್ಲಿ ನಡೆದದ್ದನ್ನು ಚಿತ್ರವಾಗಿ ನೋಡಿದರೆ ವಿಧಾನದ ತಿರುಳು ಸಿಗುತ್ತದೆ. ಎರಡು ಸಂಯುಗ್ಮ ಮೂಲಗಳು ವಾಸ್ತವ ಅಕ್ಷದ ಮೇಲೊಂದು ಕೆಳಗೊಂದು, ಒಂದೇ ಲಂಬರೇಖೆಯ ಮೇಲೆ ಇರುತ್ತವೆ. ಅವುಗಳ ನಡುಬಿಂದು −600. ಚಿತ್ರವನ್ನೆಲ್ಲ ಬಲಕ್ಕೆ 600 ಸರಿಸಿದರೆ ಆ ನಡುಬಿಂದು ಸೊನ್ನೆಗೆ ಬಂದು ನಿಲ್ಲುತ್ತದೆ, ಮೂಲಗಳು ಶುದ್ಧ ಕಾಲ್ಪನಿಕ ಅಕ್ಷದ ಮೇಲೆ ±800i ಆಗಿ ಕೂರುತ್ತವೆ. ಸೈನು ಕೊಸೈನುಗಳ ಮನೆ ಅದೇ. ವರ್ಗ ಪೂರ್ಣಗೊಳಿಸುವುದೆಂದರೆ ಎಷ್ಟು ಸರಿಸಬೇಕೆಂದು ಲೆಕ್ಕ ಹಾಕುವುದು. ಪಲ್ಲಟ ಪ್ರಮೇಯ ಎಂದರೆ ಹಾಗೆ ಸರಿಸಿದ್ದಕ್ಕೆ ಕಾಲದ ಬದಿಯಲ್ಲಿ ತೆರಬೇಕಾದ ಬೆಲೆ. ಎರಡೂ ಒಂದೇ ಕೆಲಸದ ಎರಡು ಮುಖಗಳು.

ನಾವು ಮೊದಲೇ LC ಯಿಂದ ಭಾಗಿಸಿ s² ನ ಸಹಗುಣಕವನ್ನು 1 ಮಾಡಿಕೊಂಡಿದ್ದೆವು. ಅದನ್ನು ಮರೆತು, C ಯಿಂದ ಮಾತ್ರ ಭಾಗಿಸಿದಾಗ ಸಿಗುವ 0.1s² + 120s + 100000 ಎಂಬ ಛೇದದಲ್ಲೇ 120ರ ಅರ್ಧ 60 ಎಂದು ಹಿಡಿದು ಹೊರಟರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಮೊದಲೇ ಭಾಗಿಸಲು ಇಷ್ಟವಿಲ್ಲದವರಿಗೆ ಶ್ರೀಧರಾಚಾರ್ಯರ ಹಳೆಯ ಉಪಾಯವೊಂದಿದೆ. ಅವರ ಬೀಜಗಣಿತ ಗ್ರಂಥ ನಮಗೆ ಸಿಕ್ಕಿಲ್ಲ. ಎರಡನೇ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ಅವರ ಹೆಸರು ಹೇಳಿ ಉಲ್ಲೇಖಿಸಿದ್ದರಿಂದ ಈ ನಿಯಮ ಉಳಿದಿದೆ. ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ ಎಲ್ಲವನ್ನೂ ಗುಣಿಸು ಎನ್ನುತ್ತದೆ ಆ ನಿಯಮ. ಇಲ್ಲಿ 0.4ರಿಂದ ಗುಣಿಸಿದರೆ 0.04s² + 48s + 40000, ಇದು (0.2s + 120)² + 160². ಅರ್ಧ ಮಾಡುವ ಹಂತವೇ ಇಲ್ಲ: ನಡುವಿನ 120 ತಾನೇ ಹಾಗೇ ಬಂದು ಕೂತಿತು. ಕೊನೆಯಲ್ಲಿ ಒಮ್ಮೆ 0.2ರಿಂದ ಭಾಗಿಸಿದರೆ ಅದೇ 600, ಅದೇ 800. ಸಹಗುಣಕಗಳು 3, 7 ಎಂದು ಬಂದಾಗ ಭಿನ್ನರಾಶಿಗಳ ಗೋಜಲನ್ನು ಕೊನೆಯವರೆಗೆ ಮುಂದೂಡಲು ಇದು ಈಗಲೂ ಒಳ್ಳೆಯ ದಾರಿ.

ಈಗ ಅಂಶದ ಸರದಿ. ಛೇದ s + 600ರ ಭಾಷೆಯಲ್ಲಿ ಮಾತಾಡುತ್ತಿದೆ, ಅಂಶ ಇನ್ನೂ s ನ ಭಾಷೆಯಲ್ಲಿದೆ. 12s + 14400 ಎಂಬುದನ್ನು 12(s + 600) + 7200 ಎಂದು ಬರೆಯಬೇಕು. ಹನ್ನೆರಡು ಪಟ್ಟು ಆರುನೂರು ಎಂದರೆ 7200. ಅಷ್ಟನ್ನು ಒಳಗೆ ಸೇರಿಸಿದ್ದರಿಂದ ಉಳಿದದ್ದು 14400 − 7200. ಸೈನಿನ ಪಾಲಿಗೆ ಅಂಶದಲ್ಲಿ 800 ಬೇಕು, ಆದ್ದರಿಂದ 7200ನ್ನು 9 × 800 ಎಂದು ಒಡೆಯಬೇಕು:

V(s) = 12 (s + 600)/((s + 600)² + 800²) + 9 · 800/((s + 600)² + 800²)

ಪಟ್ಟಿ ತೆರೆದು ಬರೆದುಕೊಂಡರೆ

V(t) = e^(−600t) (12 cos 800t + 9 sin 800t)

12 ಮತ್ತು 9 ಸೇರಿ 15 ಆಗುವ ತ್ರಿಕೋನವೂ ಇಲ್ಲಿದೆ, ಆದ್ದರಿಂದ ಇದನ್ನೇ 15 e^(−600t) cos(800t − 0.6435) ಎಂದೂ ಬರೆಯಬಹುದು. ಸುಮಾರು 2.77 ಮಿಲಿಸೆಕೆಂಡ್‌ಗೆ ವೋಲ್ಟೇಜ್ ಸೊನ್ನೆ ದಾಟಿ, 3.93 ಮಿಲಿಸೆಕೆಂಡ್‌ಗೆ −1.14 ವೋಲ್ಟ್ ತನಕ ಹೋಗಿ, ಮತ್ತೆ ಮೇಲೇಳುತ್ತದೆ. ಅಷ್ಟರಲ್ಲಿ ಆಟ ಹೆಚ್ಚುಕಮ್ಮಿ ಮುಗಿದಿರುತ್ತದೆ.

ಸೈನಿನ ಆ 9 ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಕೆಪಾಸಿಟರ್ ಸುಮ್ಮನೆ 12 ವೋಲ್ಟ್‌ನಿಂದ ಹೊರಟಿದೆ, ಆರಂಭದಲ್ಲಿ ಕರೆಂಟ್ ಇಲ್ಲ. ಹಾಗಿದ್ದರೆ 12 e^(−600t) cos 800t ಸಾಲದೇ? ಸಾಲದು. ಅದನ್ನು ಅವಕಲಿಸಿ t = 0 ಹಾಕಿದರೆ ಇಳಿಜಾರು ಸೆಕೆಂಡಿಗೆ −7200 ವೋಲ್ಟ್; ಅಂದರೆ ಸ್ವಿಚ್ ಹಾಕಿದ ಕ್ಷಣದಲ್ಲೇ 72 ಮಿಲಿಆಂಪಿಯರ್ ಕರೆಂಟ್. ಕಾಯಿಲ್ ಅದಕ್ಕೆ ಒಪ್ಪದು. ಘಾತೀಯದ ಇಳಿಜಾರನ್ನು ಸರಿದೂಗಿಸಲು ಸೈನು 9 × 800 = 7200ರ ಏರು ಕೊಡುತ್ತದೆ. ಅಂಶದಲ್ಲಿ ಉಳಿದ 7200 ಬೀಜಗಣಿತದ ಕಸ ಅಲ್ಲ, ಅದು ಕಾಯಿಲ್‌ನ ಹಠ.

ಈಗ ‘ಬಂದ ಕಡೆಯಲ್ಲೆಲ್ಲ’ ಎಂಬ ಮಾತಿಗೆ ಬರೋಣ. ಉತ್ತರಪತ್ರಿಕೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಛೇದವನ್ನು ಚೆಂದವಾಗಿ ಸರಿಸಿ, ಅಂಶವನ್ನು ಇದ್ದಲ್ಲೇ ಬಿಡುವುದು. 12s ಗೆ 12 cos 800t, 14400 ಕ್ಕೆ 14400/800 = 18 sin 800t ಎಂದು ಬರೆದು, ಇಡಿಯದಕ್ಕೂ e^(−600t) ಗುಣಿಸುತ್ತಾರೆ. ನೋಡಲು ಸರಿಯಾದ ಉತ್ತರದ ಹಾಗೇ ಇರುತ್ತದೆ. t = 0 ಹಾಕಿದರೆ 12 ವೋಲ್ಟ್ ಕೂಡ ಬರುತ್ತದೆ, ಆದ್ದರಿಂದ ಅಷ್ಟಕ್ಕೇ ತಾಳೆ ನೋಡಿದವರಿಗೆ ಸಮಾಧಾನ. ಆದರೆ ಇಳಿಜಾರು ತೆಗೆದು ನೋಡಿ: −7200 + 14400, ಅಂದರೆ ಸೆಕೆಂಡಿಗೆ +7200 ವೋಲ್ಟ್. ಖಾಲಿಯಾಗಬೇಕಾದ ಕೆಪಾಸಿಟರ್ ಸ್ವಿಚ್ ಹಾಕಿದೊಡನೆ ಇನ್ನಷ್ಟು ಚಾರ್ಜ್ ಆಗುತ್ತಿದೆ! ಬ್ಯಾಟರಿಯೇ ಇಲ್ಲದ ಸರ್ಕ್ಯೂಟ್‌ನಲ್ಲಿ ಇದು ಸಾಧ್ಯವಿಲ್ಲ. ಹಾಗಾಗಿ ತಾಳೆ ನೋಡುವಾಗ ಬೆಲೆ ಸಾಲದು, ಇಳಿಜಾರೂ ಬೇಕು. ಕೊಸೈನಿನ ಸಹಗುಣಕ ಯಾವ ದಾರಿಯಲ್ಲಿ ಹೋದರೂ ಸರಿಯೇ ಬರುವುದರಿಂದ ಬೆಲೆ ಒಂದೇ ಏನನ್ನೂ ಹಿಡಿದುಕೊಡುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ನುಣುಚಿಕೊಳ್ಳುವಂಥದು. ಛೇದದ ಸ್ಥಿರಪದ 1000000. ಅದರ ವರ್ಗಮೂಲ 1000 ಎಂದು ಆವರ್ತನವನ್ನು 1000 ಹಿಡಿಯುವುದು. ಆಗ 7200/1000 = 7.2 ಆಗಿ, e^(−600t)(12 cos 1000t + 7.2 sin 1000t) ಬರುತ್ತದೆ. ಬೆಲೆ 12, ಸರಿ. ಇಳಿಜಾರು −7200 + 7200 = 0, ಅದೂ ಸರಿ! ಎರಡೂ ಪರೀಕ್ಷೆ ಪಾಸಾದ ತಪ್ಪು ಉತ್ತರ. ಯಾಕೆ ಹೀಗೆ? ಆರಂಭಿಕ ಬೆಲೆ ಮತ್ತು ಇಳಿಜಾರು ಅಂಶದ ಎರಡು ಸಹಗುಣಕಗಳ ಬಗ್ಗೆ ಮಾತ್ರ ಸಾಕ್ಷಿ ಹೇಳಬಲ್ಲವು. ಛೇದ ಸರಿಯೋ ಎಂದು ಕೇಳಬೇಕಾದ್ದು ಮೂಲ ಸಮೀಕರಣವನ್ನು. ಸಮೀಕರಣದ ಪ್ರಕಾರ t = 0 ದಲ್ಲಿ V″ = −1000000 × 12, ಅಂದರೆ −12000000 ಆಗಬೇಕು. A cos, B sin ಗಳ ಉತ್ತರಕ್ಕೆ ಎರಡನೇ ಅವಕಲನ A(α² − ω²) − 2αωB. ಇಲ್ಲಿ α ಎಂದರೆ ನಮ್ಮ 600. ಸರಿಯಾದ ಉತ್ತರ 12 × (−280000) − 8640000 = −12000000 ಕೊಡುತ್ತದೆ. ತಪ್ಪು ಉತ್ತರ −16320000 ಕೊಟ್ಟು ಸಿಕ್ಕಿಬೀಳುತ್ತದೆ. ಪುಸ್ತಕಗಳು ‘ಉತ್ತರವನ್ನು ತಾಳೆ ನೋಡಿ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತವೆ. ಯಾವ ತಾಳೆ ಯಾವ ತಪ್ಪನ್ನು ಹಿಡಿಯುತ್ತದೆ ಎಂದು ಹೇಳುವ ಪುಸ್ತಕ ಅಪರೂಪ.

1000 ಎಂಬ ಸಂಖ್ಯೆಗೆ ಅದರದೇ ಆದ ಅರ್ಥ ಇಲ್ಲದಿಲ್ಲ. ಸೊನ್ನೆಯಿಂದ ಮೂಲಕ್ಕೆ ಇರುವ ದೂರ ಅದು: 600, 800, 1000 ಲಂಬಕೋನ ತ್ರಿಕೋನ. ರೋಧವನ್ನು ಸೊನ್ನೆಯಿಂದ ಏರಿಸುತ್ತಾ ಹೋದರೆ ಮೇಲಿನ ಮೂಲ 1000i ಯಿಂದ ಹೊರಟು, 1000 ತ್ರಿಜ್ಯದ ವೃತ್ತದ ಮೇಲೇ ಎಡಕ್ಕೆ ಜಾರುತ್ತಾ ಬರುತ್ತದೆ. 120 ಓಮ್‌ಗೆ ನಾವು ಕಂಡ ಜಾಗದಲ್ಲಿರುತ್ತದೆ. 200 ಓಮ್‌ಗೆ −1000ಕ್ಕೆ ಬಂದು ಕೆಳಗಿನಿಂದ ಬಂದ ಸಂಗಾತಿಯನ್ನು ಮುಟ್ಟುತ್ತದೆ. ಥಾಮ್ಸನ್ ಗುರುತಿಸಿದ ಮಿತಿ ಇದೇ. ಶೋಧಕ ಸೊನ್ನೆಯಾಗುವ ಜಾಗ.

ಈ ಮಿತಿಯ ಹತ್ತಿರ ವಿಧಾನಕ್ಕೆ ಏನಾಗುತ್ತದೆ ಎಂಬುದು ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯಂತ ಸ್ವಾರಸ್ಯದ ಭಾಗ. ಸಾಮಾನ್ಯ ರೂಪದಲ್ಲಿ ಉತ್ತರ ಹೀಗಿದೆ:

V(t) = 12 e^(−αt) (cos ωt + α · sin ωt / ω)

α ಎಂದರೆ R/2L, ω² ಎಂದರೆ 1000000 − α². ω ಸೊನ್ನೆಗೆ ಹತ್ತಿರವಾದಾಗ α/ω ಬೆಟ್ಟದಷ್ಟಾಗುತ್ತದೆ, sin ωt ಸಾಸಿವೆಯಷ್ಟಾಗುತ್ತದೆ. ಸೈನಿನ ಸಹಗುಣಕವನ್ನು ಬೇರೆಯಾಗಿ ಬರೆದಿಟ್ಟುಕೊಂಡವರಿಗೆ ಇಲ್ಲಿ ಸೊನ್ನೆಯಿಂದ ಭಾಗಿಸುವ ಗಂಡಾಂತರ ಎದುರಾಗುತ್ತದೆ. sin ωt / ω ಎಂಬುದನ್ನು ಒಂದೇ ಪದಾರ್ಥವಾಗಿ ಹಿಡಿದವರಿಗೆ ಏನೂ ಆಗುವುದಿಲ್ಲ, ಅದು ಸದ್ದಿಲ್ಲದೆ t ಆಗಿಬಿಡುತ್ತದೆ. 200 ಓಮ್‌ಗೆ ಉತ್ತರ 12 e^(−1000t)(1 + 1000t). ಭಿನ್ನರಾಶಿಯಿಂದಲೇ ನೇರವಾಗಿ ನೋಡಿದರೂ ಅದೇ: 12(s + 2000)/(s + 1000)² ನ ಅಂಶವನ್ನು (s + 1000) + 1000 ಎಂದು ಒಡೆದು, 1/s² ಗೆ t ಎಂದು ಬರೆದರೆ ಆಯಿತು. ಪಲ್ಲಟ ಇಲ್ಲೂ ಅದೇ ಪಲ್ಲಟ.

ಮಿತಿ ದಾಟಿ 250 ಓಮ್ ಹಾಕಿದರೆ? α = 1250, ವರ್ಗ ಪೂರ್ಣಗೊಳಿಸಿದಾಗ (s + 1250)² − 750² ಬರುತ್ತದೆ. ಕೂಡುವ ಚಿಹ್ನೆ ಕಳೆಯುವ ಚಿಹ್ನೆಯಾಯಿತು, ಆದ್ದರಿಂದ cos, sin ಗಳ ಜಾಗಕ್ಕೆ cosh, sinh ಬರುತ್ತವೆ: 12 e^(−1250t)(cosh 750t + (5/3) sinh 750t). ವಿಧಾನ ಮುರಿಯಲಿಲ್ಲ, ಆದರೆ ಉತ್ತರ ಅನುಕೂಲದ್ದಲ್ಲ. ದೊಡ್ಡ t ಗೆ ಒಂದು ದೈತ್ಯ ಸಂಖ್ಯೆಯನ್ನು ಒಂದು ಕುಬ್ಜ ಸಂಖ್ಯೆಯಿಂದ ಗುಣಿಸುವ ಕೆಲಸ ಅದು. ಮೂಲಗಳು −500 ಮತ್ತು −2000 ಎಂದು ಸಲೀಸಾಗಿ ಸಿಗುವಾಗ ಆಂಶಿಕ ಭಿನ್ನರಾಶಿ ಹಿಡಿದರೆ 16 e^(−500t) − 4 e^(−2000t) ಎಂದು ನೇರವಾಗಿ ಬರುತ್ತದೆ. ಮೊತ್ತ 12, ಇಳಿಜಾರು −8000 + 8000. ಆದ್ದರಿಂದ ಮೊದಲು ಶೋಧಕ ನೋಡಿ, ಆಮೇಲೆ ದಾರಿ ಆರಿಸಿಕೊಳ್ಳುವುದು ಒಳ್ಳೆಯದು. ಕಾಣುವ ಪ್ರತಿ ವರ್ಗೋಕ್ತಿಯನ್ನೂ ವರ್ಗ ಪೂರ್ಣಗೊಳಿಸಲು ಹೊರಡುವುದು ಬರೀ ಅಭ್ಯಾಸಬಲ.

ಸಮ್ಮಿಶ್ರ ಮೂಲಗಳಿದ್ದಾಗಲೂ ಆಂಶಿಕ ಭಿನ್ನರಾಶಿ ಸಾಧ್ಯ ತಾನೇ, i ಕಂಡರೆ ಹೆದರಬೇಕೇ ಎಂದು ಕೇಳುವವರು ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 120 ಓಮ್‌ನ ನಮ್ಮ ಭಿನ್ನರಾಶಿಯಲ್ಲಿ s = −600 + 800i ಎಂಬ ಮೂಲದ ಮೇಲಿನ ಸಹಗುಣಕ ಬೇಕೆಂದರೆ, ಅಂಶದಲ್ಲಿ ಆ ಬೆಲೆ ಹಾಕಿ ಎರಡು ಮೂಲಗಳ ವ್ಯತ್ಯಾಸದಿಂದ ಭಾಗಿಸಬೇಕು: (7200 + 9600i)/1600i, ಅಂದರೆ 6 − 4.5i. ಇನ್ನೊಂದು ಮೂಲದ ಸಹಗುಣಕ ಲೆಕ್ಕ ಹಾಕುವುದೇ ಬೇಡ, ಅದು ಇದರ ಸಂಯುಗ್ಮ. ಎರಡನ್ನೂ ಕೂಡಿಸಿದಾಗ ಕಾಲ್ಪನಿಕ ಭಾಗಗಳು ಹೊಡೆದುಹೋಗಿ, 6ರ ಎರಡರಷ್ಟು ಕೊಸೈನಿಗೆ, −4.5ರ ಎರಡರಷ್ಟು ಚಿಹ್ನೆ ತಿರುಗಿಸಿಕೊಂಡು ಸೈನಿಗೆ ಹೋಗುತ್ತದೆ. ಅದೇ 12, ಅದೇ 9. ಇಲ್ಲೂ ಪಲ್ಲಟವೇ ನಡೆದದ್ದು. 1/(s − a) ಎಂಬುದು 1/s ನ ಪಲ್ಲಟ; a ಮಾತ್ರ ಸಮ್ಮಿಶ್ರ, ಆದ್ದರಿಂದ ಎಡಕ್ಕೂ ಮೇಲಕ್ಕೂ ಒಟ್ಟಿಗೆ ಸರಿದಿದೆ. ಕಂಪ್ಯೂಟರ್ ಕೂಡ ಈ ದಾರಿಯಲ್ಲೇ ಹೋಗುತ್ತದೆ. ಪೈಥಾನ್‌ನಲ್ಲಿ ಹೀಗೆ ಕೇಳಬಹುದು:

```
from scipy.signal import residue
r, p, k = residue([12, 14400], [1, 1200, 1e6])
```

r ನಲ್ಲಿ 6 ± 4.5i ಜೋಡಿ, p ಯಲ್ಲಿ ಮೂಲಗಳು ಬರುತ್ತವೆ (ಪೈಥಾನ್ i ಯನ್ನು j ಎಂದು ಬರೆಯುತ್ತದೆ). ಯಾವ ಸಹಗುಣಕ ಯಾವ ಮೂಲದ್ದು ಎಂದು ಸರಿಯಾಗಿ ಜೋಡಿಸದಿದ್ದರೆ ಸೈನಿನ ಚಿಹ್ನೆ ಅದಲುಬದಲಾಗುತ್ತದೆ, ಅಷ್ಟು ಎಚ್ಚರ ಬೇಕು.

ಕೈಲೆಕ್ಕಕ್ಕೆ, ಒಂದೇ ಜೋಡಿ ಇದ್ದಾಗ, ನನ್ನ ಒಲವು ವರ್ಗ ಪೂರ್ಣಗೊಳಿಸುವುದರ ಕಡೆಗೆ. ಪ್ರತಿ ಹಂತದಲ್ಲೂ ವಾಸ್ತವ ಸಂಖ್ಯೆಗಳೇ ಇರುತ್ತವೆ, ಇಳಿತ ಎಷ್ಟು ಆವರ್ತನ ಎಷ್ಟು ಎಂಬುದು ಛೇದದ ಮೇಲೇ ಬರೆದಿರುತ್ತದೆ. ಎರಡು ಮೂರು ಜೋಡಿಗಳು ಸೇರಿದಾಗ ಆ ಲಾಭ ಕರಗುತ್ತದೆ. ಪ್ರತಿ ಜೋಡಿಗೂ Bs + C ಎಂದು ಇಟ್ಟುಕೊಂಡು ನಾಲ್ಕಾರು ಸಮೀಕರಣ ಬಿಡಿಸುವುದಕ್ಕಿಂತ ಸಮ್ಮಿಶ್ರ ಸಹಗುಣಕಗಳೇ ಮೇಲು. Bs + C ದಾರಿಯನ್ನೇ ಹಿಡಿಯುವುದಾದರೆ ಒಂದು ಸುಧಾರಣೆ ಇದೆ: ಅಜ್ಞಾತಗಳನ್ನು ಮೊದಲಿನಿಂದಲೇ B(s + 600) + 800C ಎಂದು ಇಟ್ಟುಕೊಳ್ಳುವುದು. ಆಗ B, C ಸಿಕ್ಕ ಕ್ಷಣವೇ ಅವು ಕೊಸೈನು ಸೈನುಗಳ ಸಹಗುಣಕಗಳಾಗಿರುತ್ತವೆ, ಅಂಶವನ್ನು ಸರಿಸಲು ಮರೆಯುವ ಅವಕಾಶವೇ ಇರುವುದಿಲ್ಲ.

ಕೆಲವೊಮ್ಮೆ ಇದ್ಯಾವುದೂ ಬೇಕಾಗುವುದಿಲ್ಲ, ಛೇದಗಳನ್ನು ಎರಡು ಕ್ಷಣ ದಿಟ್ಟಿಸಿದರೆ ಸಾಕು. ಅದೇ ಸರ್ಕ್ಯೂಟ್‌ನ ಕೆಪಾಸಿಟರ್ ಈಗ ಖಾಲಿ ಇದೆ ಎಂದುಕೊಂಡು, 12 cos 1000t ವೋಲ್ಟ್‌ನ ವಿದ್ಯುತ್ ಮೂಲಕ್ಕೆ ಜೋಡಿಸೋಣ. 1000 ಎಂಬುದು ಅನುರಣನದ ಆವರ್ತನ. ಪರಿವರ್ತನೆ ಹೀಗೆ ಬರುತ್ತದೆ:

V(s) = 12000000 s / ((s² + 1000000)(s² + 1200s + 1000000))

ನಾಲ್ಕು ಅಜ್ಞಾತಗಳ ಲೆಕ್ಕ ಎಂದು ಕೈಚೆಲ್ಲುವ ಮುನ್ನ ಎರಡು ಛೇದಗಳ ವ್ಯತ್ಯಾಸ ನೋಡಿ: ಅದು 1200s, ಅಂಶದಲ್ಲಿರುವ s ಕೂಡ ಅದೇ. ಆದ್ದರಿಂದ ಇಡೀ ಭಿನ್ನರಾಶಿ 10000 × (1/(s² + 1000000) − 1/((s + 600)² + 800²)). ಎರಡನೇ ತುಂಡಿನ ಅಂಶ ಬರೀ ಸ್ಥಿರಸಂಖ್ಯೆ, ಸರಿಸಬೇಕಾದ s ಅಲ್ಲಿಲ್ಲ. ಉತ್ತರ:

V(t) = 10 sin 1000t − 12.5 e^(−600t) sin 800t

ಮೊದಲ ಪದ ಶಾಶ್ವತ, ಎರಡನೆಯದು ಕೆಲವು ಮಿಲಿಸೆಕೆಂಡ್‌ಗಳ ಅತಿಥಿ. t = 0 ದಲ್ಲಿ ಬೆಲೆ ಸೊನ್ನೆ; ಇಳಿಜಾರು 10000 − 10000, ಸೊನ್ನೆ. ಶಾಶ್ವತ ಭಾಗದ 10 ವೋಲ್ಟನ್ನು ಎಸಿ ಸರ್ಕ್ಯೂಟ್‌ನ ಮಾಮೂಲಿ ಲೆಕ್ಕದಿಂದ ಬೇರೆಯಾಗಿ ಪರೀಕ್ಷಿಸಬಹುದು. ಅನುರಣನದಲ್ಲಿ ಕರೆಂಟ್ 12/120 = 0.1 ಆಂಪಿಯರ್, ಆ ಆವರ್ತನದಲ್ಲಿ ಕೆಪಾಸಿಟರಿನ ಪ್ರತಿಘಾತ 100 ಓಮ್, ಗುಣಿಸಿದರೆ 10.

ಛೇದದ ಜೋಡಿಯೇ ಎರಡು ಸಲ ಬರುವುದು, ಅಂದರೆ ((s + 600)² + 800²)², ಬೇರೆ ಬಗೆಯ ಸಂದರ್ಭ. ಒಂದರ ಮೇಲೊಂದು ಪ್ರಭಾವ ಬೀರದಂತೆ ಬಫರ್ ಇಟ್ಟು ಇಂಥವೇ ಎರಡು ಸರ್ಕ್ಯೂಟ್‌ಗಳನ್ನು ಸಾಲಾಗಿ ಜೋಡಿಸಿದಾಗ ಇದು ಎದುರಾಗುತ್ತದೆ. ಪಲ್ಲಟದ ನಿಜವಾದ ಉಳಿತಾಯ ಇಲ್ಲಿ ಗೊತ್ತಾಗುತ್ತದೆ. ಇಳಿತವನ್ನು ಮರೆತು 1/(s² + ω²)² ನ ವಿಲೋಮ ಒಂದನ್ನು ತಿಳಿದಿದ್ದರೆ ಸಾಕು. ಅದು (sin ωt − ωt cos ωt)/2ω³. ω ಜಾಗದಲ್ಲಿ 800 ಹಾಕಿ, e^(−600t) ಗುಣಿಸಿದರೆ ಕೆಲಸ ಮುಗಿಯಿತು. ನೇರವಾಗಿ ಸಮ್ಮಿಶ್ರ ಮೂಲಗಳಿಂದ ಹೊರಟವರು ಇಷ್ಟೊತ್ತಿಗೆ ನಾಲ್ಕು ಸಹಗುಣಕಗಳ ನಡುವೆ ಸಿಕ್ಕಿಕೊಂಡಿರುತ್ತಾರೆ.

ಕೊನೆಗೆ, ಈ ಪಲ್ಲಟವನ್ನು ಇನ್ನೊಂದು ಪಲ್ಲಟದೊಂದಿಗೆ ಬೆರೆಸಿ ಎಡವುವವರ ಬಗ್ಗೆ. ಖಾಲಿ ಕೆಪಾಸಿಟರಿಗೆ 12 ವೋಲ್ಟ್‌ನ ಬ್ಯಾಟರಿಯನ್ನು 5 ಮಿಲಿಸೆಕೆಂಡ್ ತಡವಾಗಿ ಜೋಡಿಸಿದರೆ V(s) ಗೆ e^(−0.005s) ಎಂಬ ಗುಣಕ ಅಂಟುತ್ತದೆ. ಇದು ಆವರ್ತನದ ಪಲ್ಲಟವಲ್ಲ, ಕಾಲದ್ದು. ಉತ್ತರದಲ್ಲಿ t ಬಂದ ಕಡೆಯಲ್ಲೆಲ್ಲ t − 0.005 ಬರಬೇಕು, ಅದಕ್ಕೆ ಮುಂಚೆ ಉತ್ತರ ಸೊನ್ನೆ:

V(t) = 12 − e^(−600(t − 0.005)) (12 cos 800(t − 0.005) + 9 sin 800(t − 0.005)),  t > 0.005

ಇಲ್ಲೂ ಅದೇ ಮರೆವು ಕಾದಿರುತ್ತದೆ, ಈ ಸಲ ಘಾತೀಯದೊಳಗೆ. ಸೈನು ಕೊಸೈನುಗಳಲ್ಲಿ t ಯನ್ನು ಬದಲಿಸಿ, e^(−600t) ಯನ್ನು ಹಾಗೇ ಬಿಡುತ್ತಾರೆ. ಆಗ t = 0.005 ರಲ್ಲಿ ಘಾತೀಯದ ಬೆಲೆ 1 ಆಗುವ ಬದಲು e^(−3), ಸುಮಾರು 0.05, ಉತ್ತರ 12 − 0.6, ಅಂದರೆ ಬ್ಯಾಟರಿ ಮುಟ್ಟಿದ ಗಳಿಗೆಯಲ್ಲೇ ಕೆಪಾಸಿಟರ್ ಸೊನ್ನೆಯಿಂದ 11.4 ವೋಲ್ಟ್‌ಗೆ ನೆಗೆದಂತೆ ಆಗುತ್ತದೆ. ಸರಿಯಾದ ಉತ್ತರ ಆ ಗಳಿಗೆಯಲ್ಲಿ 12 − 12, ಸೊನ್ನೆಯಿಂದಲೇ ಹೊರಡುತ್ತದೆ.